ಕನಿಷ್ಠಕ್ಕಿಂತ ಮೇಲೆ, ಶಿಫಾರಸಿಗಿಂತ ಕೆಳಗೆ: ಸ್ಟೋರ್ ಪುಟ ಕೊಡದ ಮಾತನ್ನು ನಂಬಿದ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಆಟಗಾರ ಅಜಾಗರೂಕನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೊಂಡ ಆಟ ಸರಿಯಾಗಿ ಓಡದಿದ್ದರೆ ‘ಸ್ಟೋರ್ ಪುಟದ ಅಗತ್ಯಗಳ ಪಟ್ಟಿ ನೋಡದೆ ಕೊಂಡಿರಬೇಕು’ ಎಂಬ ಮಾತು ಎಲ್ಲರ ಬಾಯಿಗೂ ಸುಲಭವಾಗಿ ಬರುತ್ತದೆ. ಈತ ಪಟ್ಟಿ ನೋಡಿದ್ದ. ಒಂದೊಂದೇ ಸಾಲನ್ನು ತನ್ನ ಲ್ಯಾಪ್‌ಟಾಪಿನ ವಿವರದೊಂದಿಗೆ ತಾಳೆ ಹಾಕಿದ್ದ. ಅನುಮಾನ ಬಂದ ಕಡೆ ವಿಂಡೋಸ್‌ನಲ್ಲಿ ಹುಡುಕಿ ಖಚಿತಪಡಿಸಿಕೊಂಡೂ ಇದ್ದ. ಆದರೂ ಎಡವಿದ. ಪ್ರಕರಣವನ್ನು ಬರೆದಿಡಲು ಅದೇ ಕಾರಣ.

ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಇಂಟೆಲ್ ಐ5-11400ಎಚ್ ಪ್ರೊಸೆಸರ್, 16 ಜಿಬಿ ರ್‍ಯಾಮ್, ಸಾಕಷ್ಟು ಖಾಲಿ ಜಾಗವಿದ್ದ ಎಸ್‌ಎಸ್‌ಡಿ, 120 ಹರ್ಟ್ಜ್ ಪರದೆ. ಕೀಲಿಮಣೆಯ ಪಕ್ಕದ ಸ್ಟಿಕರ್ ಪ್ರಕಾರ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3050. ಕೊಳ್ಳಬೇಕೆಂದಿದ್ದದ್ದು ವಿಶಾಲ ಬಯಲು, ಒಂದು ದೊಡ್ಡ ಕೋಟೆಪಟ್ಟಣ ಇರುವ ಸಾಹಸದ ಆಟ. ಅದರ ಸ್ಟೋರ್ ಪುಟದಲ್ಲಿದ್ದ ಅಗತ್ಯಗಳ ಪಟ್ಟಿ ಹೀಗಿತ್ತು. ಯಾವ ಆಟವೆಂದು ಗುರುತು ಸಿಗದಂತೆ ಒಂದೆರಡು ಸಾಲು ಬದಲಿಸಿದ್ದೇನೆ, ಸ್ವರೂಪ ಮಾತ್ರ ಅದೇ.

```
MINIMUM
Processor: Intel Core i5-8400 / AMD Ryzen 5 2600
Memory: 16 GB RAM
Graphics: NVIDIA GeForce GTX 1060 6 GB
Storage: 90 GB available space (SSD)
Additional Notes: 1080p, Low, 30 FPS

RECOMMENDED
Processor: Intel Core i5-10400 / AMD Ryzen 5 3600
Memory: 16 GB RAM
Graphics: NVIDIA GeForce RTX 3060 12 GB
Storage: 90 GB available space (SSD)
```

ಆತನ ಲೆಕ್ಕ ಸರಳವಾಗಿತ್ತು. ಪ್ರೊಸೆಸರ್ ಎರಡೂ ಕಾಲಮ್‌ಗೆ ಸಾಲುತ್ತದೆ. ರ್‍ಯಾಮ್ ಸರಿಯಿದೆ. ಜಿಟಿಎಕ್ಸ್ 1060 ಎಂಬುದು 2016ರ ಕಾರ್ಡ್, ತನ್ನದು ಅದಕ್ಕಿಂತ ಎರಡು ತಲೆಮಾರು ಹೊಸದು. 3060ಕ್ಕೆ ಒಂದೇ ಮೆಟ್ಟಿಲು ಕಡಿಮೆ. ಆಮೇಲೆ ನನ್ನ ಮುಂದೆ ಆತ ಹೇಳಿದ್ದು ಇಷ್ಟೇ: “ಸರ್, ನಾನು ಎರಡರ ನಡುವೆ ಇದ್ದೇನಲ್ಲ? ಹಾಗಾದರೆ ಆಟವೂ ಎರಡರ ನಡುವೆ ಓಡಬೇಕಲ್ಲವೇ?”

ಸಮಸ್ಯೆಯ ಬೇರು ಈ ಪ್ರಶ್ನೆಯಲ್ಲೇ ಇತ್ತು. ಆಗ ಇಬ್ಬರಿಗೂ ಅದು ಹೊಳೆಯಲಿಲ್ಲ.

‘6 ಜಿಬಿ’ ಎಂಬ ಬಾಲ ಆತನ ಕಣ್ಣಿಗೆ ಬಿದ್ದಿತ್ತು. ತನ್ನ ಕಾರ್ಡಿನಲ್ಲಿ ಎಷ್ಟಿದೆ ಎಂದು ತಿಳಿಯಲು ವಿಂಡೋಸ್‌ನ `dxdiag` ತೆರೆದ. ಡಿಸ್‌ಪ್ಲೇ ಪುಟದಲ್ಲಿ ಮೊದಲು ಕಂಡ ಸಾಲು `Approx. Total Memory`. ಅದರ ಮುಂದೆ ಹನ್ನೆರಡು ಜಿಬಿಗೆ ಚೂರು ಕಡಿಮೆಯ ಸಂಖ್ಯೆ. ಆರು ಕೇಳಿದರೆ ಹನ್ನೆರಡಿದೆ, ಶಿಫಾರಸಿನ ಕಾರ್ಡಿನಷ್ಟೇ ಇದೆ ಎಂದುಕೊಂಡು ನಿಶ್ಚಿಂತೆಯಿಂದ ಹಣ ಪಾವತಿಸಿದ.

ಸಮಸ್ಯೆ

ಆರಂಭದ ಅಧ್ಯಾಯ ಚೆನ್ನಾಗಿಯೇ ಓಡಿತು. ಗುಹೆಗಳು, ಇಕ್ಕಟ್ಟಾದ ಓಣಿಗಳು, ಒಂದು ಮನೆಯ ಒಳಾಂಗಣ. ಮಧ್ಯಮ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 55ರ ಆಸುಪಾಸಿನಲ್ಲಿ ಫ್ರೇಮ್‌ಗಳು ಬರುತ್ತಿದ್ದವು. ಗೋಡೆ, ನೆಲ, ಬಟ್ಟೆಗಳ ಮೇಲೆ ಹೊದಿಸುವ ಚಿತ್ರಗಳ, ಅಂದರೆ ಟೆಕ್ಸ್‌ಚರ್‌ಗಳ ಗುಣಮಟ್ಟವನ್ನು ಆಟ ತಾನಾಗಿಯೇ ‘ಹೆಚ್ಚು’ ಎಂದು ಆರಿಸಿಕೊಂಡಿತ್ತು, ಆತ ಅದನ್ನು ಹಾಗೆಯೇ ಬಿಟ್ಟಿದ್ದ. ಮೂರು ಗಂಟೆ ಕಳೆಯುವ ಹೊತ್ತಿಗೆ ಕೋಟೆಯ ಬಾಗಿಲು ತೆರೆದು ಪಟ್ಟಣ ಸಿಕ್ಕಿತು. ಅಲ್ಲಿಂದ ಮುಂದೆ, ಕ್ಯಾಮೆರಾ ತಿರುಗಿಸಿದರೆ ಸಾಕು, ಚಿತ್ರ ಅರೆಕ್ಷಣ ನಿಂತು ಮುಂದೆ ಜಿಗಿಯುತ್ತಿತ್ತು. ಓಡುತ್ತಿದ್ದಾಗ ಗೋಡೆಯ ಕಲ್ಲುಗಳು ಮೊದಲು ಮಸುಕಾದ ಬಣ್ಣದ ಮುದ್ದೆಯಾಗಿ ಕಂಡು, ಎರಡು ಸೆಕೆಂಡಿನ ನಂತರ ಕಲ್ಲಾಗುತ್ತಿದ್ದವು. ಮೂಲೆಯಲ್ಲಿ ತೋರುವ ಫ್ರೇಮ್ ಸಂಖ್ಯೆ ಮಾತ್ರ 45ಕ್ಕಿಂತ ಹೆಚ್ಚೇ ಇತ್ತು.

ಹಣ ವಾಪಸ್ ಪಡೆಯುವ ದಾರಿ ಆಗಲೇ ಮುಚ್ಚಿತ್ತು. ಕೊಂಡ ಹದಿನಾಲ್ಕು ದಿನಗಳೊಳಗೆ, ಆಡಿದ ಸಮಯ ಎರಡು ಗಂಟೆಗಿಂತ ಕಡಿಮೆ ಇದ್ದರೆ ಹಣ ಹಿಂದಿರುಗಿಸುವುದು ಆ ಸ್ಟೋರ್‌ನ ನಿಯಮ. ಎರಡು ಗಂಟೆ ಗುಹೆಯಲ್ಲೇ ಮುಗಿದಿತ್ತು. ಮೊದಲ ಸಲ ಆಟ ತೆರೆದಾಗ ಶೇಡರ್‌ಗಳನ್ನು, ಅಂದರೆ ಕಾರ್ಡು ಚಿತ್ರ ಬಿಡಿಸಲು ಬಳಸುವ ಪುಟ್ಟ ಪ್ರೋಗ್ರಾಂಗಳನ್ನು, ಸಿದ್ಧಪಡಿಸಿಕೊಳ್ಳಲು ಅದು ತೆಗೆದುಕೊಂಡ ಸಮಯವೂ ಆಡಿದ ಲೆಕ್ಕಕ್ಕೇ ಸೇರಿತ್ತು.

ಮೊದಲು ಮಾಡಿ ನೋಡಿದ್ದು

ನನ್ನ ಬಳಿ ಬರುವ ಮೊದಲೇ ಆತ ಎಲ್ಲರೂ ಮಾಡುವುದನ್ನು ಮಾಡಿದ್ದ. ಗ್ರಾಫಿಕ್ಸ್ ಡ್ರೈವರ್ ನವೀಕರಿಸಿದ, ಏನೂ ಬದಲಾಗಲಿಲ್ಲ. ಒಟ್ಟು ಸೆಟ್ಟಿಂಗನ್ನು ಮಧ್ಯಮದಿಂದ ಕಡಿಮೆಗೆ ಇಳಿಸಿದ. ಫ್ರೇಮ್ ಸಂಖ್ಯೆ ಏರಿತು, ಜಿಗಿತ ಉಳಿಯಿತು. ಈ ಪ್ರಯೋಗ ಏಕೆ ಕೈಕೊಟ್ಟಿತು ಎಂಬುದು ತಿಳಿದಿರಬೇಕು: ಈ ಆಟದಲ್ಲಿ ಟೆಕ್ಸ್‌ಚರ್ ಗುಣಮಟ್ಟ ಒಟ್ಟು ಸೆಟ್ಟಿಂಗ್‌ನ ಅಡಿ ಬರುವುದಿಲ್ಲ, ಬೇರೆ ಪುಟದಲ್ಲಿದೆ, ಬದಲಿಸಿದರೆ ಆಟವನ್ನು ಮುಚ್ಚಿ ತೆರೆಯಬೇಕು. ಆದ್ದರಿಂದ ‘ಎಲ್ಲವನ್ನೂ ಕಡಿಮೆ ಮಾಡಿ ನೋಡಿದೆ’ ಎಂದು ಆತ ಹೇಳಿದ್ದರೂ, ಕಡಿಮೆ ಮಾಡಬೇಕಿದ್ದದ್ದು ಮಾತ್ರ ಹಾಗೆಯೇ ಉಳಿದಿತ್ತು.

ಮೂರನೆಯದಾಗಿ ಯಾರೋ ರ್‍ಯಾಮ್ ಹೆಚ್ಚಿಸಲು ಹೇಳಿದ್ದರು. ಆರ್ಡರ್ ಮಾಡುವ ಹಂತದಲ್ಲಿದ್ದ. ಅಲ್ಲಿ ನಾನು ತಡೆದೆ. ತಪ್ಪು ಸಲಹೆ ಎಂದು ಆಗಲೇ ಗೊತ್ತಿತ್ತೆಂದಲ್ಲ. ಕೊರತೆ ಎಲ್ಲಿದೆ ಎಂದು ಅಳೆಯದೆ ಭಾಗ ಕೊಂಡರೆ, ಕೊಂಡ ಮೇಲೂ ಅದೇ ಪ್ರಶ್ನೆ ಉಳಿಯುತ್ತದೆ. ಆಟ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ರ್‍ಯಾಮ್‌ನಲ್ಲಿ ನಾಲ್ಕು ಜಿಬಿಯಷ್ಟು ಇನ್ನೂ ಬಿಡುವಿತ್ತು.

ಅದೇ ಕಿಟಕಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಹಾಳೆಗೆ ಹೋದಾಗ ಪ್ರಕರಣ ತಿರುವು ಪಡೆಯಿತು. ಅಲ್ಲಿ ಮೆಮೊರಿಗೆ ಎರಡು ಲೆಕ್ಕವಿದೆ. `Dedicated GPU memory` ಎದುರು 3.8/4.0 ಎಂದಿತ್ತು, `Shared GPU memory` ಎದುರು 1.9/7.9. ಕಾರ್ಡಿನ ಮೇಲೆ ಕೂತಿರುವ ಸ್ವಂತ ಮೆಮೊರಿ ನಾಲ್ಕೇ ಜಿಬಿ. ಮಿಕ್ಕ ಎಂಟು, ಅಗತ್ಯ ಬಿದ್ದರೆ ಬಳಸಿಕೊಳ್ಳಲೆಂದು ವಿಂಡೋಸ್ ಸಾಮಾನ್ಯ ರ್‍ಯಾಮ್‌ನ ಅರ್ಧದವರೆಗೆ ಬಿಟ್ಟುಕೊಡುವ ಪಾಲು. `dxdiag` ತೋರಿಸಿದ ಹನ್ನೆರಡು ಇವೆರಡರ ಮೊತ್ತ. ಅದರ ಕೆಳಗೇ `Display Memory (VRAM)` ಎಂಬ ಸಾಲು ಇರುತ್ತದೆ, ಪುಟದ ‘6 ಜಿಬಿ’ಗೆ ತಾಳೆ ಹಾಕಬೇಕಾದದ್ದು ಅದನ್ನು. ಮೊತ್ತವನ್ನು ಮೇಲೆ ಬರೆದು ನಿಜವಾದ ಸಂಖ್ಯೆಯನ್ನು ಕೆಳಗಿಟ್ಟವರ ಮೇಲೆ ನನಗೆ ಇವತ್ತಿಗೂ ಸಣ್ಣ ಸಿಟ್ಟಿದೆ.

ಕಾರ್ಡಿನ ನಿಜವಾದ ಹೆಸರನ್ನು ಒಂದು ಆದೇಶದಿಂದ ಕೇಳಿದೆವು.

```
nvidia-smi --query-gpu=name,memory.total --format=csv

name, memory.total [MiB]
NVIDIA GeForce RTX 3050 Laptop GPU, 4096 MiB
```

ಸ್ಟಿಕರ್‌ನಲ್ಲಿ ಇಲ್ಲದ ಎರಡು ಪದ ಇಲ್ಲಿವೆ. ಮೇಜಿನ ಕಂಪ್ಯೂಟರ್‌ಗೆಂದು ಮೊದಲು ಬಂದ ಆರ್‌ಟಿಎಕ್ಸ್ 3050 ಕಾರ್ಡಿಗೆ 8 ಜಿಬಿ ಮೆಮೊರಿ, 130 ವಾಟ್ ವಿದ್ಯುತ್. ಅದೇ ಸಂಖ್ಯೆಯ ಲ್ಯಾಪ್‌ಟಾಪ್ ಚಿಪ್ ಸಾಮಾನ್ಯವಾಗಿ 4 ಜಿಬಿಯದು, ತಯಾರಕರು ಕೊಡುವ ವಿದ್ಯುತ್ 35ರಿಂದ 80 ವಾಟ್‌ವರೆಗೆ ಎಲ್ಲಿಯಾದರೂ ಇರಬಹುದು. ಹೆಸರು ಒಂದೇ, ವಸ್ತು ಬೇರೆ. ಸ್ಟೋರ್ ಪುಟಗಳಲ್ಲಿ ಬರೆಯುವ ಕಾರ್ಡಿನ ಹೆಸರು, ಬೇರೆ ಹೇಳದ ಹೊರತು, ಮೇಜಿನ ಕಂಪ್ಯೂಟರ್‌ನ ಕಾರ್ಡಿನದು ಎಂದೇ ಓದಿಕೊಳ್ಳಬೇಕು.

ಒಂದೊಂದೇ ಬದಲಿಸಿ ಅಳೆದದ್ದು

ಮೆಮೊರಿ ತುಂಬಿದೆ ಎಂದ ಮಾತ್ರಕ್ಕೆ ಅದೇ ಕಾರಣವೆಂದು ತೀರ್ಮಾನಿಸಲು ಬರುವುದಿಲ್ಲ. ಎಷ್ಟೋ ಆಟಗಳು ಖಾಲಿ ಜಾಗ ಇದ್ದಷ್ಟೂ ತುಂಬಿಕೊಳ್ಳುತ್ತವೆ, ಅದರಿಂದ ತೊಂದರೆಯಿಲ್ಲ. ಹಾಗಾಗಿ ಒಂದು ದಾರಿ ಗೊತ್ತುಮಾಡಿದೆವು: ಕೋಟೆಬಾಗಿಲಿನಿಂದ ಸಂತೆಯ ಕಟ್ಟೆಯವರೆಗೆ, ಅದೇ ಉಳಿಸಿದ ಹಂತದಿಂದ, ಅದೇ ವೇಗದಲ್ಲಿ ಓಟ. ಪ್ರತಿ ಸಲ ಒಂದೇ ಸೆಟ್ಟಿಂಗ್ ಬದಲಾವಣೆ. ಬದಲಾಯಿಸಿದ ಮೇಲೆ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೊಸ ದೃಶ್ಯ ಮೊದಲ ಸಲ ಕಂಡಾಗ ಶೇಡರ್ ಸಿದ್ಧವಾಗುವ ಜಿಗಿತ ಬೇರೆ ಜಾತಿಯದು, ಎರಡನೆಯ ಓಟದಲ್ಲಿ ಅದು ಮಾಯವಾಗುತ್ತದೆ.

ಸರಾಸರಿಯ ಜೊತೆಗೆ ಇನ್ನೊಂದು ಅಳತೆಯನ್ನೂ ಬರೆದುಕೊಂಡೆವು: ಅತಿ ನಿಧಾನವಾದ ಶೇ 1 ಫ್ರೇಮ್‌ಗಳ ವೇಗ. ಸರಾಸರಿ 47 ಎಂದರೆ ಒಂದು ಫ್ರೇಮ್‌ಗೆ ಸುಮಾರು 21 ಮಿಲಿಸೆಕೆಂಡ್. ನಡುವೆ ಒಂದೆರಡು ಫ್ರೇಮ್ 70 ಮಿಲಿಸೆಕೆಂಡ್ ಹಿಡಿದರೂ ಸರಾಸರಿ ಅಲುಗುವುದಿಲ್ಲ. ಆದರೆ ಕಣ್ಣು ಅದನ್ನೇ ಕಾಣುತ್ತದೆ.

ಮಧ್ಯಮ ಸೆಟ್ಟಿಂಗ್, ಟೆಕ್ಸ್‌ಚರ್ ಹೆಚ್ಚು: ಸರಾಸರಿ 47, ಶೇ 1ರ ವೇಗ 14. ಮುಂದಿನ ಸಲ ಅಪ್‌ಸ್ಕೇಲಿಂಗನ್ನು ವೇಗದ ಆಯ್ಕೆಗೆ ಇಟ್ಟೆವು. ಅಂದರೆ ಚಿತ್ರ ನಿಜಕ್ಕೂ ತಯಾರಾಗುವುದು 960×540ರಲ್ಲಿ, ಪರದೆಗೆ ಹಿಗ್ಗಿಸಿದ್ದು 1080ಪಿ. ಸರಾಸರಿ 62ಕ್ಕೆ ಏರಿತು, ಶೇ 1ರದು 15ರಲ್ಲೇ ನಿಂತಿತು. ಕಾರ್ಡಿನ ಲೆಕ್ಕಮಾಡುವ ಶಕ್ತಿ ಸಾಲದೆ ಜಿಗಿಯುತ್ತಿದ್ದರೆ, ಕಾಲುಭಾಗ ಪಿಕ್ಸೆಲ್‌ಗೆ ಇಳಿಸಿದಾಗ ಅದೂ ಸುಧಾರಿಸಬೇಕಿತ್ತು. ಅಪ್‌ಸ್ಕೇಲಿಂಗನ್ನು ಮೊದಲಿನಂತೆ ಮಾಡಿ ಟೆಕ್ಸ್‌ಚರನ್ನು ಮಾತ್ರ ಕಡಿಮೆಗೆ ತಂದೆವು. ಸರಾಸರಿ 49. ಹೆಚ್ಚೇನೂ ಅಲ್ಲ. ಶೇ 1ರ ವೇಗ 38. ಕಾರ್ಡಿನ ಸ್ವಂತ ಮೆಮೊರಿಯ ಬಳಕೆ 3.3ಕ್ಕೆ ಇಳಿದಿತ್ತು, ಹಂಚಿಕೆಯದು 0.4ಕ್ಕೆ. ಕ್ಯಾಮೆರಾ ಎತ್ತ ತಿರುಗಿಸಿದರೂ ಚಿತ್ರ ಹರಿಯುತ್ತಿತ್ತು.

ಆಗುತ್ತಿದ್ದದ್ದು ಇಷ್ಟು. ಪಟ್ಟಣದ ಟೆಕ್ಸ್‌ಚರ್‌ಗಳು ನಾಲ್ಕು ಜಿಬಿಯಲ್ಲಿ ಹಿಡಿಸುತ್ತಿರಲಿಲ್ಲ, ಮಿಕ್ಕದ್ದು ಸಾಮಾನ್ಯ ರ್‍ಯಾಮ್‌ಗೆ ಹೋಗಿ ಕೂರುತ್ತಿತ್ತು. ಕಾರ್ಡು ತನ್ನ ಮೆಮೊರಿಯಿಂದ ಓದುವ ವೇಗಕ್ಕೆ ಹೋಲಿಸಿದರೆ ರ್‍ಯಾಮ್‌ನಿಂದ ತರಿಸಿಕೊಳ್ಳುವ ದಾರಿ ಹಲವು ಪಟ್ಟು ನಿಧಾನ. ಅಡುಗೆಗೆ ಬೇಕಾದ ಸಾಮಾನು ಒಲೆಯ ಪಕ್ಕದಲ್ಲಿರದೆ ಅಟ್ಟದ ಮೇಲಿದ್ದಂತೆ: ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಒಗ್ಗರಣೆಯ ಹೊತ್ತಿಗೆ ಏಣಿ ಹತ್ತಬೇಕು. ಗುಹೆಯ ಅಧ್ಯಾಯದಲ್ಲಿ ಬೇಕಾದ ಸಾಮಾನು ಕಡಿಮೆ ಇತ್ತು, ಆದ್ದರಿಂದ ಏನೂ ತಿಳಿಯಲಿಲ್ಲ.

ಫಲಿತಾಂಶ

ಟೆಕ್ಸ್‌ಚರ್ ಕಡಿಮೆಗೆ, ಉಳಿದದ್ದು ಮಧ್ಯಮಕ್ಕೆ, ಅಪ್‌ಸ್ಕೇಲಿಂಗ್ ಗುಣಮಟ್ಟದ ಆಯ್ಕೆಗೆ, ಫ್ರೇಮ್ ಮಿತಿ 40ಕ್ಕೆ. ನಲವತ್ತೇ ಏಕೆಂದರೆ 120 ಹರ್ಟ್ಜ್ ಪರದೆಯಲ್ಲಿ ಪ್ರತಿ ಫ್ರೇಮ್ ಸರಿಯಾಗಿ ಮೂರು ಸಲ ತೋರುತ್ತದೆ, 45ಕ್ಕೆ ಹಾಗೆ ಭಾಗವಾಗುವುದಿಲ್ಲ. ಈ ಸ್ಥಿತಿಯಲ್ಲಿ ಆತ ಆಟ ಮುಗಿಸಿದ. ಗೋಡೆಯ ಬರಹಗಳು, ಬಟ್ಟೆಯ ನೇಯ್ಗೆ ಹತ್ತಿರದಿಂದ ಕಲಸಿಹೋದಂತೆ ಕಾಣುತ್ತಿದ್ದವು ಎಂಬ ಬೇಸರ ಮಾತ್ರ ಹೋಗಲಿಲ್ಲ. ಹಣ ಹಿಂದಕ್ಕೆ ಬರಲಿಲ್ಲ, ರ್‍ಯಾಮ್‌ಗೆ ಹೋಗಲಿದ್ದ ಹಣ ಉಳಿಯಿತು.

ಪುಟ ಸುಳ್ಳು ಹೇಳಿತ್ತೇ? ಇಲ್ಲ. ಕನಿಷ್ಠ ಕಾಲಮ್ ಆರು ಜಿಬಿ ಕೇಳಿತ್ತು, ಆತನ ಬಳಿ ನಾಲ್ಕಿತ್ತು. ಅಂದರೆ ಪುಟದ ಮಾತಿನ ಪ್ರಕಾರವೇ ಆತ ಎರಡರ ನಡುವೆ ಇರಲಿಲ್ಲ, ಕನಿಷ್ಠದ ಕೆಳಗಿದ್ದ. ಜಿಟಿಎಕ್ಸ್ 1060 ಮೂರು ಜಿಬಿ, ಆರು ಜಿಬಿ ಎಂಬ ಎರಡು ಮುಖ್ಯ ರೂಪದಲ್ಲಿ ಮಾರಾಟವಾದ ಕಾರ್ಡ್. ಆದ್ದರಿಂದ ಆ ಹೆಸರಿನ ಮುಂದೆ ‘6 ಜಿಬಿ’ ಎಂದಿದ್ದರೆ ಆ ಸಂಖ್ಯೆಯೂ ಷರತ್ತೇ. ಹಳೆಯ ಕಾರ್ಡಿಗಿಂತ ಹೊಸದು ವೇಗವಾಗಿರಬಹುದು, ಆದರೆ ವೇಗ ಮೆಮೊರಿಯ ಕೊರತೆಯನ್ನು ತುಂಬಿಕೊಡುವುದಿಲ್ಲ.

ಪಟ್ಟಿಯ ಸಾಲುಗಳು ಹೇಳುವುದು ಮತ್ತು ಹೇಳದಿರುವುದು

ಈ ಪ್ರಕರಣದ ನಂತರ ನಾನು ಪಟ್ಟಿಯನ್ನು ಓದುವ ರೀತಿ ಬದಲಾಗಿದೆ. ಕನಿಷ್ಠ, ಶಿಫಾರಸು ಎಂಬ ಎರಡು ಕಾಲಮ್‌ಗಳು ಒಂದೇ ಅಳತೆಪಟ್ಟಿಯ ಎರಡು ತುದಿಗಳಲ್ಲ. ಅವು ಎರಡು ಬೇರೆ ಯಂತ್ರಗಳ ವಿವರಣೆ. ತಯಾರಕರು ತಮ್ಮಲ್ಲಿರುವ ಯಂತ್ರಗಳಲ್ಲಿ ಆಟವನ್ನು ಓಡಿಸಿ, ‘ಇಷ್ಟಿದ್ದರೆ ಒಪ್ಪಬಹುದು’ ಎಂದು ತಮಗೆ ಅನ್ನಿಸಿದ್ದನ್ನು ಬರೆಯುತ್ತಾರೆ. ಒಪ್ಪಬಹುದಾದ ಮಟ್ಟ ಯಾವುದು ಎಂಬುದಕ್ಕೆ ಎಲ್ಲರಿಗೂ ಅನ್ವಯಿಸುವ ಕಟ್ಟಳೆಯಿಲ್ಲ. ಒಬ್ಬರ ಕನಿಷ್ಠದಲ್ಲಿ 720ಪಿಯಿಂದ ಹಿಗ್ಗಿಸಿದ 30 ಫ್ರೇಮ್ ಇರುತ್ತದೆ, ಇನ್ನೊಬ್ಬರದರಲ್ಲಿ ನಿಜವಾದ 1080ಪಿ. ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಆಟದ ಪಟ್ಟಿ ಮೊದಲು ಬಂದಾಗ ಅದರ ಶಿಫಾರಸು 1080ಪಿಯಲ್ಲಿ 60 ಫ್ರೇಮ್ ಎಂದಿತ್ತು, ಆದರೆ ಅದು ಫ್ರೇಮ್ ಜನರೇಶನ್ ಸೇರಿಸಿ ಎಂದೂ ಅಲ್ಲೇ ಬರೆದಿತ್ತು. ಅಂದರೆ ಆ ಅರವತ್ತರಲ್ಲಿ ಎಲ್ಲವೂ ಆಟ ತಾನೇ ಲೆಕ್ಕ ಹಾಕಿ ಬಿಡಿಸಿದ ಫ್ರೇಮ್‌ಗಳಲ್ಲ, ನಡುನಡುವೆ ಊಹಿಸಿ ಸೇರಿಸಿದವೂ ಇದ್ದವು. ಬರೆದಿದ್ದಕ್ಕೆ ಅವರನ್ನು ಮೆಚ್ಚಬೇಕು. ನಮ್ಮ ಪ್ರಕರಣದ ಪುಟದಲ್ಲಿ ಶಿಫಾರಸಿನ ಕೆಳಗೆ ಟಿಪ್ಪಣಿಯೇ ಇರಲಿಲ್ಲ. ಅಲ್ಲಿ ಆತ 60 ಎಂದು ತಾನೇ ಓದಿಕೊಂಡಿದ್ದ. ಟಿಪ್ಪಣಿ ಇಲ್ಲದ ಕಾಲಮ್ ಯಾವ ರೆಸಲ್ಯೂಶನ್, ಯಾವ ವೇಗದ ಭರವಸೆಯನ್ನೂ ಕೊಡುತ್ತಿಲ್ಲ.

ಇನ್ನು ಸಾಲುಗಳು. ಕೆಲವು ಸಾಲು ಬಾಗಿಲಿದ್ದಂತೆ: ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್ (2024) ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಶವಿಲ್ಲದ ಕಾರ್ಡನ್ನು ಒಪ್ಪುವುದಿಲ್ಲ, ಆ ಕಾರ್ಡ್ ಬೇರೆ ಕೆಲಸದಲ್ಲಿ ಎಷ್ಟೇ ವೇಗವಾಗಿರಲಿ. ಕೆಲವು ಸಾಲು ವೇಗದವು: ಪ್ರೊಸೆಸರ್ ಸ್ವಲ್ಪ ಹಿಂದುಳಿದಿದ್ದರೆ ಆಟ ಸ್ವಲ್ಪ ನಿಧಾನ, ಅಷ್ಟೇ. ಮೂರನೆಯ ಬಗೆ ಹಿಡಿಸುವಿಕೆಯದು: ರ್‍ಯಾಮ್, ಗ್ರಾಫಿಕ್ಸ್ ಮೆಮೊರಿ, ಡಿಸ್ಕ್. ಇವು ಮಿತಿಯೊಳಗೆ ಇರುವಷ್ಟು ಹೊತ್ತು ಏನೂ ತಿಳಿಯುವುದಿಲ್ಲ, ಮೀರಿದೊಡನೆ ಆಟ ಮುಗ್ಗರಿಸುತ್ತದೆ. ಮೇಲಿನ ಎರಡು ಯಂತ್ರಗಳ ‘ನಡುವೆ’ ಎಂಬ ಮಾತು ವೇಗದ ಸಾಲುಗಳಿಗೆ ಸ್ವಲ್ಪಮಟ್ಟಿಗೆ ಹೊಂದುತ್ತದೆ, ಉಳಿದ ಎರಡಕ್ಕೆ ಹೊಂದುವುದಿಲ್ಲ. ಗ್ರಾಫಿಕ್ಸ್ ಸಾಲಿನ ತೊಡಕೆಂದರೆ, ಒಂದೇ ಹೆಸರಿನೊಳಗೆ ಈ ಮೂರೂ ಅಡಗಿವೆ. ಅದನ್ನು ಬಿಡಿಸಿ ಮೂರು ಪ್ರಶ್ನೆಯಾಗಿ ಕೇಳಬೇಕು: ಬೇಕಾದ ಸೌಲಭ್ಯ ನನ್ನ ಕಾರ್ಡಿನಲ್ಲಿದೆಯೇ, ವೇಗ ಹತ್ತಿರವಿದೆಯೇ, ಸ್ವಂತ ಮೆಮೊರಿ ಅಷ್ಟಿದೆಯೇ. ನಮ್ಮ ಆಟಗಾರ ಎರಡನೆಯದಕ್ಕೆ ಉತ್ತರ ಕಂಡುಕೊಂಡು ಮೂರನೆಯದಕ್ಕೂ ಅದೇ ಸಾಕೆಂದುಕೊಂಡ.

ಪಟ್ಟಿ ಸ್ಥಿರವೂ ಅಲ್ಲ. ಸೈಬರ್‌ಪಂಕ್ 2077ರ ತಯಾರಕರು 2023ರಲ್ಲಿ ಪಟ್ಟಿಯನ್ನು ಪರಿಷ್ಕರಿಸಿ, ಹಾರ್ಡ್ ಡಿಸ್ಕನ್ನು ಬಿಟ್ಟು ಎಸ್‌ಎಸ್‌ಡಿ ಬೇಕೆಂದರು. ಮೊದಲ ದಿನ ಕೊಂಡವರ ಯಂತ್ರ ಬದಲಾಗಿರಲಿಲ್ಲ, ಆಟ ಬದಲಾಗಿತ್ತು. ಇದು ವಿರುದ್ಧ ದಿಕ್ಕಿನಲ್ಲೂ ನಡೆಯುತ್ತದೆ: ಅಲನ್ ವೇಕ್ 2 ಬಿಡುಗಡೆಯಾದಾಗ ಮೆಶ್ ಶೇಡರ್ ಎಂಬ ಹೊಸ ಸೌಲಭ್ಯ ಇಲ್ಲದ ಹಳೆಯ ಕಾರ್ಡ್‌ಗಳಲ್ಲಿ ತೀರಾ ನಿಧಾನವಾಗಿತ್ತು, 2024ರ ಒಂದು ನವೀಕರಣದಿಂದ ಅವುಗಳ ಪಾಡು ಎಷ್ಟೋ ಸುಧಾರಿಸಿತು.

ಎರಡು ಗಂಟೆಯ ಅವಕಾಶವನ್ನು ಹೇಗೆ ಬಳಸಬೇಕೆಂಬುದೂ ಇಲ್ಲಿ ಕಲಿತದ್ದೇ. ಕಥೆ ನೋಡಲು ಅದನ್ನು ಖರ್ಚು ಮಾಡಬಾರದು. ಮಾತುಕತೆಗಳನ್ನು ಹಾರಿಸಿ, ಮೊದಲ ಬಯಲಿಗೋ ಊರಿಗೋ ತಲುಪಿ, ಜನ ಹೆಚ್ಚಿರುವ ಕಡೆ ಓಡಿ, ಕ್ಯಾಮೆರಾ ತಿರುಗಿಸಿ, ಸ್ವಂತ ಮೆಮೊರಿಯ ಲೆಕ್ಕದ ಮೇಲೆ ಕಣ್ಣಿಡಬೇಕು. ಒಳಾಂಗಣದಲ್ಲಿ ಚೆನ್ನಾಗಿ ಓಡಿದ್ದು ಹೊರಾಂಗಣಕ್ಕೆ ಸಾಕ್ಷಿಯಾಗುವುದಿಲ್ಲ. ಅಷ್ಟರಲ್ಲಿ ಬಯಲು ಸಿಗದ ಆಟವಾದರೆ, ಉಚಿತ ಡೆಮೊ ಅಥವಾ ಯಂತ್ರದಲ್ಲಿ ಆಟದ ವೇಗ ಅಳೆಯಲು ತಯಾರಕರೇ ಕೊಡುವ ಬೆಂಚ್‌ಮಾರ್ಕ್ ಇದೆಯೇ ಎಂದು ಕೊಳ್ಳುವ ಮೊದಲೇ ಹುಡುಕುವುದು ಒಳ್ಳೆಯದು. ಬ್ಲ್ಯಾಕ್ ಮಿಥ್: ವುಕಾಂಗ್‌ಗೆ 2024ರಲ್ಲಿ ಬಿಡುಗಡೆಗೂ ಮೊದಲೇ ಅಂಥದೊಂದನ್ನು ಬಿಟ್ಟಿದ್ದರು. ಅಂಥ ಬೆಂಚ್‌ಮಾರ್ಕ್‌ನಲ್ಲೂ ಕೊನೆಗೆ ತೋರುವ ಒಟ್ಟು ಅಂಕಕ್ಕಿಂತ ಕನಿಷ್ಠ ಫ್ರೇಮ್‌ನ ಸಂಖ್ಯೆಯನ್ನು ಮೊದಲು ನೋಡಬೇಕು.

ಆತ ಆಮೇಲೆ ಇಷ್ಟಪಟ್ಟ ಇನ್ನೊಂದು ಆಟದ ಗ್ರಾಫಿಕ್ಸ್ ಸಾಲು ಕನಿಷ್ಠದಲ್ಲೇ ಆರ್‌ಟಿಎಕ್ಸ್ 2060, 6 ಜಿಬಿ ಎಂದಿತ್ತು. ರೇ ಟ್ರೇಸಿಂಗ್ ಸೌಲಭ್ಯ ಆತನ ಕಾರ್ಡಿನಲ್ಲಿದೆ, ಮೆಮೊರಿ ಎರಡು ಜಿಬಿ ಕಡಿಮೆ. ಡೆಮೊ ಇರಲಿಲ್ಲ. ಆತ ಅದನ್ನು ಕೊಳ್ಳದೆ ವಿಶ್‌ಲಿಸ್ಟ್‌ಗೆ ಸೇರಿಸಿದ.